ಖಳನಾಯಕನ ಕಡೆಯ ಲೆಕ್ಕ

ಬನಹಟ್ಟಿಯ ಹುಡುಗನೊಬ್ಬ ಶಾಲೆಯ ವಾರ್ಷಿಕ ಸಂಚಿಕೆಗೆ ಕಥೆ ಬರೆದಿದ್ದಾನೆ ಎಂದುಕೊಳ್ಳಿ. ದೀಪಾವಳಿಯ ಹಿಂದಿನ ದಿನ ಬಡ ನೇಕಾರನೊಬ್ಬ ಮಜೂರಿ ಕೇಳಲು ಬರುತ್ತಾನೆ. ಮಗ್ಗದ ಮಾಲೀಕ ಮೀಸೆ ತಿರುವಿ, ಗಹಗಹಿಸಿ ನಕ್ಕು, "ಒಂದ್ ಪೈಸಾನೂ ಸಿಗೂದಿಲ್ಲ, ಹೋಗಲೇ!" ಎಂದು ಅಟ್ಟುತ್ತಾನೆ. ಓದಿದವರಿಗೆ ಮಾಲೀಕನ ಮೇಲೆ ಸಿಟ್ಟು ಬರಬೇಕು. ಬರುವುದು ಮಾತ್ರ ನಗು. ಇದೇಕೆ ಹೀಗೆ?

ಬಯಲಾಟದ ರಕ್ಕಸ ತನ್ನ ಕ್ರೌರ್ಯವನ್ನು ತಾನೇ ಸಾರಿಕೊಂಡು ರಂಗಕ್ಕೆ ಬರುತ್ತಾನೆ. ಅಲ್ಲಿ ಬಣ್ಣ, ಕುಣಿತ, ಹಾಡು ಇರುವುದರಿಂದ ಅದು ಒಪ್ಪುತ್ತದೆ. ಕಾಗದದ ಮೇಲೆ ಅವು ಯಾವುವೂ ಇಲ್ಲ. ನಿಜ ಜೀವನದಲ್ಲಂತೂ 'ನಾನು ಕೆಟ್ಟವನು' ಎಂದುಕೊಂಡು ಯಾರೂ ಕೆಟ್ಟ ಕೆಲಸ ಮಾಡುವುದಿಲ್ಲ. ತನ್ನ ಮಟ್ಟಿಗೆ ತಾನು ಸರಿ ಎಂದೇ ಪ್ರತಿಯೊಬ್ಬನೂ ನಂಬಿರುತ್ತಾನೆ. ಹುಡುಗನ ಕಥೆಯಲ್ಲಿ ಮಾಲೀಕನಿಗೆ ಈ ನಂಬಿಕೆಯೇ ಇಲ್ಲ. ನೇಕಾರನನ್ನು ಅಳಿಸುವುದರ ಹೊರತು ಅವನಿಗೆ ಬೇರೆ ಕೆಲಸವೂ ಇಲ್ಲ. ಅದಕ್ಕೇ ಅವನು ಮನುಷ್ಯನಾಗದೆ ವ್ಯಂಗ್ಯಚಿತ್ರವಾಗಿದ್ದಾನೆ.

ಈ ಕೊರತೆಯನ್ನು ತುಂಬುವುದು ಹೇಗೆಂದು ತಿಳಿಯಲು ದೂರ ಹೋಗಬೇಕಿಲ್ಲ. ಪಕ್ಕದ ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಹತ್ತನೆಯ ಶತಮಾನದ ಕವಿ ರನ್ನನನ್ನು ನೋಡಿದರೆ ಸಾಕು. ಅವನ 'ಸಾಹಸಭೀಮ ವಿಜಯ', ಅಂದರೆ 'ಗದಾಯುದ್ಧ'ದ ನಾಯಕ ಭೀಮ. ಎದುರಾಳಿ ದುರ್ಯೋಧನ. ಆದರೂ ಓದಿ ಮುಗಿಸಿದವರ ಮನಸ್ಸಿನಲ್ಲಿ ದುರ್ಯೋಧನನೂ ಉಳಿಯುತ್ತಾನೆ.

ರನ್ನ ಮಾಡಿದ್ದೇನು? ಭೀಮನ ಎದುರು ನಿಲ್ಲಿಸುವ ಮೊದಲು ದುರ್ಯೋಧನನನ್ನು ಹೆಣಗಳು ಬಿದ್ದ ರಣರಂಗದಲ್ಲಿ ನಡೆಸುತ್ತಾನೆ. ಅಲ್ಲಿ ಅವನು ವೈರಿಯ ಮಗ ಅಭಿಮನ್ಯುವಿನ ಹೆಣ ಕಂಡು ಕೈಮುಗಿದು, ಆ ಸಾಹಸದ ಒಂದು ಪಾಲಾದರೂ ಇರುವ ಸಾವು ತನಗೆ ಬರಲಿ ಎಂದು ಬೇಡುತ್ತಾನೆ. ದುಶ್ಶಾಸನನ ಹೆಣದ ಮುಂದೆ, ತಾಯಿಯ ಹಾಲನ್ನೂ ನನ್ನ ನಂತರವೇ ಕುಡಿದವನು ಸಾವಿನಲ್ಲಿ ಮಾತ್ರ ನನಗಿಂತ ಮುಂದೆ ಹೋದೆಯಲ್ಲ ಎಂದು ಮರುಗುತ್ತಾನೆ. ಹಿರಿಯರು ಸಂಧಿ ಮಾಡಿಕೊ ಎಂದರೆ ಅವನು ಒಪ್ಪುವುದಿಲ್ಲ. ತಮ್ಮನೂ ಗೆಳೆಯ ಕರ್ಣನೂ ಹೋದ ಮೇಲೆ ನೆಲ ಕಟ್ಟಿಕೊಂಡು ಮಾಡುವುದೇನು? ಅವನಿಗೆ ಈಗ ಉಳಿದಿರುವುದು ಛಲವೊಂದೇ. ಅವನ ಹಟದ ಹಿಂದೆ ದುಃಖವಿದೆ ಎಂದು ತಿಳಿದ ಕೂಡಲೇ ಅವನು ನಮಗೆ ಪರಿಚಿತನಾಗುತ್ತಾನೆ.

ಇಲ್ಲಿಂದ ಕಥೆಗಾರ ಮೂರು ಪ್ರಶ್ನೆಗಳನ್ನು ಕಲಿಯಬಹುದು. ಖಳನಾಯಕ ಯಾರನ್ನು ಪ್ರೀತಿಸುತ್ತಾನೆ? ಏನನ್ನು ಕಳೆದುಕೊಳ್ಳಲು ಹೆದರುತ್ತಾನೆ? ತನ್ನ ಕೆಲಸವನ್ನು ತನಗೆ ತಾನೇ ಹೇಗೆ ಸಮರ್ಥಿಸಿಕೊಳ್ಳುತ್ತಾನೆ?

ಈಗ ಮಗ್ಗದ ಮಾಲೀಕನಿಗೆ ಇವನ್ನೇ ಕೇಳೋಣ. ಅವನ ಪೆಟ್ಟಿಗೆಯಲ್ಲಿ 20,000 ರೂಪಾಯಿ ಇದೆ. ಉದ್ರಿ ಕೊಟ್ಟ ನೂಲಿನ ವ್ಯಾಪಾರಿಗೆ ಅಷ್ಟೇ ಬಾಕಿ. ನೇಕಾರರ ಮಜೂರಿ 12,000. ವ್ಯಾಪಾರಿಗೆ ಕೊಡದಿದ್ದರೆ ನೂಲು ಬರುವುದಿಲ್ಲ, ತಂದೆ ಹಾಕಿದ ಮಗ್ಗಗಳು ನಿಲ್ಲುತ್ತವೆ. 'ಮಗ್ಗ ನಡೆದರೆ ತಾನೇ ಇವರ ಹೊಟ್ಟೆಯೂ ತುಂಬುವುದು' ಎಂದು ಅವನು ತನಗೆ ಹೇಳಿಕೊಳ್ಳುತ್ತಾನೆ. ನೇಕಾರ ಬಂದಾಗ ನಗುವುದಿಲ್ಲ. ಮುಖ ಎತ್ತದೆ ಖಾತೆಪುಸ್ತಕ ತಿರುವುತ್ತ, "ಹಬ್ಬ ಮುಗೀಲಿ, ನೋಡೂಣು. ಈಗ ರೊಕ್ಕಿಲ್ಲ" ಎಂದು ಸುಳ್ಳು ಹೇಳುತ್ತಾನೆ. ಒಳಕೋಣೆಯಲ್ಲಿ ಅವನ ಮಕ್ಕಳಿಗೆ ತಂದ ಹೊಸ ಬಟ್ಟೆಗಳಿವೆ. ಆ ಖರ್ಚನ್ನು ಮಾತ್ರ ಅವನು ತನ್ನ ಲೆಕ್ಕದಲ್ಲಿ ಹಿಡಿದಿಲ್ಲ.

ಈಗ ಓದುಗನಿಗೆ ನಗು ಬರುವುದಿಲ್ಲ. ಮಾಲೀಕನ ತೊಂದರೆಯೂ ಅವನ ತಪ್ಪೂ ಒಟ್ಟಿಗೇ ಕಾಣುತ್ತವೆ.

ಒಂದು ಎಚ್ಚರಿಕೆ. ಕಾರಣ ಕೊಡುವ ಭರದಲ್ಲಿ ಖಳನಾಯಕನನ್ನು ಪೂರ್ತಿ ಪಾಪದವನನ್ನಾಗಿ ಮಾಡಿ, ಕೊನೆಯ ಪುಟದಲ್ಲಿ ಕಣ್ಣೀರು ಹಾಕಿಸಿ ಬಿಡುವವರೂ ಇದ್ದಾರೆ. ಆಗ ನೇಕಾರನಿಗೆ ಆದ ಅನ್ಯಾಯವೇ ಮರೆತುಹೋಗುತ್ತದೆ. ರನ್ನ ಈ ತಪ್ಪು ಮಾಡಲಿಲ್ಲ. ದುರ್ಯೋಧನನಿಗಾಗಿ ನಾವು ಮರುಗುವಂತೆ ಮಾಡಿದರೂ, ದ್ರೌಪದಿಗೆ ಆದ ಅವಮಾನವನ್ನು ಅವನು ಎಲ್ಲಿಯೂ ಮರೆಸುವುದಿಲ್ಲ. ಭೀಮನ ಗದೆ ಕೊನೆಗೆ ದುರ್ಯೋಧನನ ತೊಡೆಯನ್ನು ಮುರಿದೇ ಮುರಿಯುತ್ತದೆ.