ಯಾವ ಐದು? (ಡ್ರಾಯಿಂಗ್ ಓದೋಣ, ಭಾಗ 4)

ಫೋಟೋ 1 ನೋಡಿ. ನಾನು ಬಿಡಿಸಿದ ಬ್ರಾಕೆಟ್. ಕೆಳಗೆ 150 × 200 ಮಿಮೀ ಬೇಸ್ ಪ್ಲೇಟ್, ದಪ್ಪ 12. ಅದರ ಮಧ್ಯದಲ್ಲಿ ನೆಟ್ಟಗೆ ನಿಂತ 8 ಮಿಮೀ ಪ್ಲೇಟ್. ಎರಡೂ ಬದಿ ಫಿಲೆಟ್ ವೆಲ್ಡ್. ಸಿಂಬಲ್ ಪಕ್ಕ ಬರೀ "5" ಅಂತ ಬರೆದಿದ್ದೆ. ಪ್ರಿಂಟ್ ನೋಡಿದ ವೆಲ್ಡರ್ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಇದು ಯಾವ ಐದಪ್ಪಾ?"

ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ ಅನ್ನೋದೇ ಈ ಪೋಸ್ಟ್‌ಗೆ ಕಾರಣ. ವೈವಾದಲ್ಲಿ "ಈ ತ್ರಿಕೋನ ಏನು?" ಅಂದ್ರೆ "ಫಿಲೆಟ್ ಸರ್" ಅಂತೀವಿ, ಮಾರ್ಕ್ಸ್ ಬರುತ್ತೆ. ಆದರೆ ಅಕ್ಷರ ಇಲ್ಲದ ಅಳತೆಗೆ ಮಾರ್ಕ್ಸ್ ಕೊಡಲೇಬಾರದು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ಫಿಲೆಟ್ ವೆಲ್ಡನ್ನು ಎರಡು ರೀತಿ ಅಳೀಬಹುದು. ಪ್ಲೇಟ್ ಮೇಲೆ ವೆಲ್ಡ್ ಎಷ್ಟು ದೂರ ಹರಡಿದೆ ಅನ್ನೋದು ಲೆಗ್, ಅದು z. ಮೂಲೆಯಿಂದ ವೆಲ್ಡ್‌ನ ಮುಖದವರೆಗಿನ ಅತಿ ಕಡಿಮೆ ದೂರ ಥ್ರೋಟ್, ಅದು a. ಎರಡೂ ಲೆಗ್ ಸಮ ಇದ್ದರೆ a = 0.7 × z. ಭಾರ ಹೊರೋ ಲೆಕ್ಕ ಮಾಡೋದು ಥ್ರೋಟ್ ಮೇಲೆ. ನನ್ನ ಲೆಕ್ಕದಲ್ಲಿ ಬಂದದ್ದು ಥ್ರೋಟ್ 5, ಅಂದ್ರೆ ಲೆಗ್ ಸುಮಾರು 7 ಬೇಕು. ಅಣ್ಣನ ಅಭ್ಯಾಸದಲ್ಲಿ 5 ಅಂದ್ರೆ ಲೆಗ್. ಅವರು ಕೇಳದೆ ಹಾಗೇ ಹಾಕಿದ್ದರೆ ಥ್ರೋಟ್ 3.5 ಆಗ್ತಿತ್ತು, ಅಂದ್ರೆ ಶಕ್ತಿ 30% ಕಡಿಮೆ. ಲೆಗ್ ಗೇಜ್ ಇಟ್ಟರೆ "5 ಇದೆ, ಓಕೆ" ಅನ್ನುತ್ತೆ. ತಪ್ಪು ಯಾರ ಕಣ್ಣಿಗೂ ಬೀಳಲ್ಲ.

ಉಲ್ಟಾ ಆದರೂ ನಷ್ಟವೇ. z5 ಸಾಕಿದ್ದ ಕಡೆ a5 ಹಾಕಿದ್ರೆ ತುಂಬೋ ಲೋಹ 12.5 ಚದರ ಮಿಮೀ ಬದಲು 25. ಎರಡು ಪಟ್ಟು ವೈರ್, ಜಾಸ್ತಿ ಶಾಖ, ಜಾಸ್ತಿ ಸೊಟ್ಟ.

ಐಎಸ್‌ಒ 2553 ಪ್ರಕಾರ ಸಂಖ್ಯೆಯ ಮುಂದೆ a ಅಥವಾ z ಇರಬೇಕು. ಅಮೆರಿಕದ ಎಡಬ್ಲ್ಯೂಎಸ್ ಪದ್ಧತಿಯಲ್ಲಿ ಬರೀ ಸಂಖ್ಯೆ ಅಂದ್ರೆ ಲೆಗ್. ಆದ್ದರಿಂದ ಟೈಟಲ್ ಬ್ಲಾಕ್‌ನಲ್ಲಿ ಯಾವ ಪದ್ಧತಿ ಅಂತಲೂ ಬರೀರಿ.

ಈಗ ಫೋಟೋ 2. ಇಲ್ಲಿ ನನ್ನ ಎರಡನೇ ತಪ್ಪು ಇದೆ, ಇದನ್ನು ಯಾರೂ ತಡೀಲಿಲ್ಲ. ಹಳೇ ಡ್ರಾಯಿಂಗ್‌ನಿಂದ ಕಾಪಿ ಮಾಡಿ, ಬೇಸ್‌ನ ತಳಕ್ಕೆ Ra 3.2 ಹಾಕಿದ್ದೆ. ಸಿಂಬಲ್ ಮೇಲೆ ಅಡ್ಡ ಗೆರೆ ಇತ್ತು, ಅಂದ್ರೆ ಲೋಹ ತೆಗೆದೇ ಈ ಫಿನಿಶ್ ತರಬೇಕು. ಅವರು ಮೊದಲು ತಳವನ್ನು ಮಿಲ್ಲಿಂಗ್ ಮಾಡಿ, ಆಮೇಲೆ ವೆಲ್ಡ್ ಮಾಡಿದರು. ನಾನು ಬೇರೆ ಕ್ರಮ ಹೇಳಿಯೇ ಇರಲಿಲ್ಲವಲ್ಲ!

ವೆಲ್ಡ್ ತಣ್ಣಗಾಗುವಾಗ ಕುಗ್ಗುತ್ತೆ, ಬೇಸ್‌ನ ಎರಡೂ ರೆಕ್ಕೆಗಳನ್ನು ಮೇಲಕ್ಕೆ ಎಳೆಯುತ್ತೆ. ಸರ್ಫೇಸ್ ಟೇಬಲ್ ಮೇಲೆ ಇಟ್ಟಾಗ ಬ್ರಾಕೆಟ್ ತೊಟ್ಟಿಲ ಥರ ಆಡ್ತಿತ್ತು. ಅಂಚುಗಳು ಸುಮಾರು 1 ಮಿಮೀ ಮೇಲೆ. ಮತ್ತೆ ಮಿಲ್ಲಿಂಗ್ ಮಾಡಿದ್ರೆ ಮೊದಲು ಸವೆಯೋದು ತಳದ ಮಧ್ಯಭಾಗ, ಸರಿಯಾಗಿ ವೆಲ್ಡ್ ಕೆಳಗೆ, ಅಲ್ಲಿ 12 ಹೋಗಿ 11 ಆಗುತ್ತೆ.

ತಮಾಷೆ ಏನಂದ್ರೆ, ಆ ಸೊಟ್ಟ ತಳದ ಮೇಲೆ ರಫ್‌ನೆಸ್ ಟೆಸ್ಟರ್ ಇಟ್ಟರೆ ಆಗಲೂ Ra 3.2 ಒಳಗೇ ತೋರಿಸುತ್ತೆ. ಟೆಸ್ಟರ್ ಸೂಜಿ ಓಡೋದು ಕೆಲವೇ ಮಿಮೀ. Ra ಹೇಳೋದು ಮೇಲ್ಮೈಯ ಸಣ್ಣ ಗೀರುಗಳ ಬಗ್ಗೆ. ತಳ ಸಮತಟ್ಟಾಗಿ ಕೂರುತ್ತಾ ಅನ್ನೋದನ್ನ ಹೇಳೋದು ಫ್ಲಾಟ್‌ನೆಸ್, ಅದಕ್ಕೆ ಬೇರೆ ಚೌಕಟ್ಟು ಹಾಕಬೇಕು.

ಫೋಟೋ 3 ತಿದ್ದಿದ ಡ್ರಾಯಿಂಗ್. ಎರಡೂ ಬದಿ a5. ಬೇಸ್‌ಗೆ 16 ಮಿಮೀ ಪ್ಲೇಟ್, ಮುಗಿದ ದಪ್ಪ 12. ತಳಕ್ಕೆ ಮಾತ್ರ Ra 3.2, ಜೊತೆಗೆ ಫ್ಲಾಟ್‌ನೆಸ್ 0.2, ಮತ್ತು "ವೆಲ್ಡಿಂಗ್ ಆದ ಮೇಲೆ ಮಷೀನಿಂಗ್" ಅನ್ನೋ ಒಂದು ಸಾಲು. ಉಳಿದ ಮುಖಗಳನ್ನು ರೋಲಿಂಗ್‌ನಿಂದ ಬಂದ ಹಾಗೇ ಬಿಟ್ಟಿದೀನಿ. ಪೇಂಟ್ ಬೀಳೋ ಮುಖಕ್ಕೆ ಮಿಲ್ಲಿಂಗ್ ಖರ್ಚು ಯಾಕೆ?

"ಅನುಭವ ಇರೋರು ಅರ್ಥ ಮಾಡ್ಕೋತಾರೆ ಬಿಡು" ಅಂತ ಗೆಳೆಯ ಅಂದ. ಮಾಡ್ಕೋತಾರೆ, ನಿಜ. ಆದರೆ ಅವರು ಅಭ್ಯಾಸದಂತೆ ಅರ್ಥ ಮಾಡ್ಕೋತಾರೆ, ನಮ್ಮ ಲೆಕ್ಕದ ಹಾಳೆ ಅವರ ಕೈಲಿ ಇರಲ್ಲ. ಆ ಅಣ್ಣ ಕೇಳಿದ್ರು, ಬಚಾವಾದೆ. ಫಿನಿಶ್ ಬಗ್ಗೆ ಯಾರೂ ಕೇಳಲಿಲ್ಲ, ಒಂದು ಬ್ರಾಕೆಟ್ ಗುಜರಿಗೆ ಹೋಯ್ತು.

ನಿಮ್ಮ ಕೊನೇ ಅಸೈನ್‌ಮೆಂಟ್ ಶೀಟ್ ತೆಗೆದು ನೋಡಿ. ನಿಮ್ಮ ಫಿಲೆಟ್ ಮುಂದೆ ಅಕ್ಷರ ಇದೆಯಾ? ಕಾಮೆಂಟಲ್ಲಿ ಹೇಳಿ, ಸುಳ್ಳು ಬೇಡ 😄

#ಡ್ರಾಯಿಂಗ್_ಓದೋಣ #ವೆಲ್ಡಿಂಗ್ #ಮೆಕ್ಯಾನಿಕಲ್