ಧ್ರುವದ ಮೇಲಿನ ಹಾದಿ

ಲಕ್ಷ್ಮೇಶ್ವರದ ತಾಯಿಯೊಬ್ಬರು ಮೊನ್ನೆ ನಮ್ಮಲ್ಲಿಗೆ ಬಂದಿದ್ದರು. ಮಗಳ ಬಾಣಂತನಕ್ಕೆಂದು ಅಮೇರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟವರು. ಹೋಗುವ ಚಿಂತೆ ಅವರಿಗಿರಲಿಲ್ಲ, ಬರುವ ಚಿಂತೆಯಿತ್ತು. ಮರಳುವ ವಿಮಾನವು ಉತ್ತರ ಧ್ರುವದ ಕಡೆಯಿಂದ ಬರಬಹುದೆಂದು ಅಳಿಯಂದಿರು ಫೋನಿನಲ್ಲಿ ಹೇಳಿದ್ದರಂತೆ. "ಅಜ್ಜಾರ, ನೆಟ್ಟಗ ಸಮುದ್ರದ ಮ್ಯಾಲ ಬರೂದು ಬಿಟ್ಟು ಆ ಬರ್ಫಿನ ಮ್ಯಾಲ ಯಾಕ ಬರ್ತಾರ್ರೀ? ಅಲ್ಲಿ ಏನಾರ ಆದ್ರ ಎಲ್ಲಿ ಇಳಸ್ತಾರ?" ಎಂದು ಕೇಳಿದರು. ಮುಂಡರಗಿ, ಶಿರಹಟ್ಟಿಗಳ ಎಷ್ಟೋ ಮನೆಗಳಲ್ಲಿಯೂ ಈಗ ಇದೇ ಪ್ರಶ್ನೆಗಳಿರುವುದರಿಂದ, ಅವರಿಗೆ ಹೇಳಿದುದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯ ಪ್ರಶ್ನೆಗೆ ಬೆಟಗೇರಿಯ ನೇಕಾರರ ಒಂದೆಳೆ ನೂಲು ಸಾಕು. ಶಾಲೆಯ ಭೂಗೋಲವನ್ನು ತೆಗೆದುಕೊಂಡು, ನೂಲಿನ ಒಂದು ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲೂ ಇಟ್ಟು ಬಿಗಿಯಾಗಿ ಎಳೆಯಿರಿ. ನೂಲು ಶಾಂತಸಾಗರದ ನಡುವೆ ನಿಲ್ಲದು. ತಾನೇ ಜಾರಿ ಮೇಲಕ್ಕೇರಿ, ಸೈಬೀರಿಯ ಮತ್ತು ಅಲಾಸ್ಕಾಗಳ ಮೇಲೆ ಹೋಗಿ ಕೂಡುತ್ತದೆ. ಗೋಲವನ್ನು ಸರಿಯಾಗಿ ಎರಡು ಹೋಳು ಮಾಡುವ ಇಂತಹ ಗೆರೆಗೆ ಮಹಾವೃತ್ತವೆಂದು ಹೆಸರು. ಉರುಟಾದ ಭೂಮಿಯ ಮೇಲೆ ಎರಡು ಊರುಗಳ ನಡುವಿನ ಅತ್ಯಂತ ಹತ್ತಿರದ ದಾರಿ ಇದೇ. ಗೋಡೆಯ ನಕಾಶೆಯಾದರೋ ಗೋಲವನ್ನು ಚಪ್ಪಟೆ ಮಾಡುವ ಭರದಲ್ಲಿ ಧ್ರುವದ ಸಮೀಪದ ನೆಲವನ್ನೆಲ್ಲ ಹಿಗ್ಗಿಸಿಬಿಡುತ್ತದೆ. ಹತ್ತಿರದ ದಾರಿ ಅದರಲ್ಲಿ ದೂರವಾಗಿ ತೋರುತ್ತದೆ. ನಕಾಶೆಯಲ್ಲಿ ಶಾಂತಸಾಗರದ ಮೇಲೆ ಕಡ್ಡಿಯಿಟ್ಟಂತೆ ಎಳೆದ ಗೆರೆಯನ್ನು ಹಿಡಿದು ಹಾರಿದರೆ ಸುಮಾರು 16,100 ಕಿಲೋಮೀಟರು. ನೂಲಿನ ದಾರಿ ಸುಮಾರು 14,000 ಕಿಲೋಮೀಟರು.

ಇಲ್ಲಿ ಒಂದು ಸೂಕ್ಷ್ಮವುಂಟು, ಪತ್ರಿಕೆಗಳು ಸಾಮಾನ್ಯವಾಗಿ ಇದನ್ನು ಬಿಟ್ಟುಬಿಡುತ್ತವೆ. ಆ ನೂಲು ಧ್ರುವವನ್ನು ಮುಟ್ಟುವುದಿಲ್ಲ. ಸುಮಾರು 71 ಅಂಶ ಉತ್ತರ ಅಕ್ಷಾಂಶದವರೆಗೆ ಏರಿ ಇಳಿಯತೊಡಗುತ್ತದೆ. ಆದರೂ 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿದ ಏರ್ ಇಂಡಿಯಾದ ಮೊದಲ ನೇರ ವಿಮಾನವು ಧ್ರುವದ ಮೇಲೆಯೇ ಬಂದಿತು. ಅದನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರವಾಲರೂ ಅವರ ಸಂಗಡಿಗರೂ ಆದ ನಾಲ್ವರು ಮಹಿಳೆಯರು. ಸುತ್ತು ಹಾಕಿ ಏಕೆ ಬಂದರು? ಕಾರಣ ಗಾಳಿ. ನಡು ಅಕ್ಷಾಂಶಗಳ ಎತ್ತರದ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊಳೆ ಹರಿಯುತ್ತದೆ; ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿಲೋಮೀಟರನ್ನೂ ಮೀರುವುದುಂಟು. ಅಮೇರಿಕದಿಂದ ಪಶ್ಚಿಮಾಭಿಮುಖವಾಗಿ ಬರುವ ವಿಮಾನಕ್ಕೆ ಅದು ಎದುರುಗಾಳಿ. ಧ್ರುವದ ಮೇಲೆ ಗಾಳಿ ಸಾಮಾನ್ಯವಾಗಿ ಮಂದ. ಧ್ರುವವನ್ನು ಬಳಸಿ ಬರುವ ದಾರಿ ಲೆಕ್ಕಕ್ಕೆ ಸುಮಾರು 14,370 ಕಿಲೋಮೀಟರು, ಅಂದರೆ ಅರ್ಧ ಗಂಟೆಗಿಂತ ಕಡಿಮೆಯ ಹೆಚ್ಚಳ. ಎದುರುಗಾಳಿ ತಿನ್ನುವ ಸಮಯವು ಅದಕ್ಕಿಂತ ಹೆಚ್ಚಾಗುವ ದಿನ ಧ್ರುವವೇ ಲಾಭ. ಆದುದರಿಂದ ಯಾವ ದಾರಿಯೆಂಬುದು ಆಯಾ ದಿನದ ಗಾಳಿಯನ್ನು ನೋಡಿ ನಿರ್ಧಾರವಾಗುತ್ತದೆ. ಟಿಕೆಟ್ಟು ಕೊಳ್ಳುವಾಗ ಅಲ್ಲ.

ಇನ್ನು ಚಳಿಯ ಮಾತು. ಒಳಗೆ ಕುಳಿತವರಿಗೆ ಚಳಿಯ ಬಾಧೆಯಿಲ್ಲ. ಬಾಧೆ ರೆಕ್ಕೆಯೊಳಗಿನ ಇಂಧನಕ್ಕೆ. ಮಾರ್ಗಶಿರದ ಚಳಿಯಲ್ಲಿ ನಮ್ಮ ಮನೆಗಳ ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಹೆಪ್ಪುಗಟ್ಟುತ್ತದೆ, ಪಕ್ಕದ ಶೇಂಗಾ ಎಣ್ಣೆ ಹಾಗೆಯೇ ಇರುತ್ತದೆ. ವಿಮಾನದ ಇಂಧನಗಳಲ್ಲಿಯೂ ಇಂತಹ ಭೇದವುಂಟು. ಅಮೇರಿಕದಲ್ಲಿ ಸಾಮಾನ್ಯವಾಗಿ ತುಂಬುವ ಇಂಧನ ಸೊನ್ನೆಗಿಂತ 40 ಡಿಗ್ರಿ ಕೆಳಗಿನವರೆಗೆ ಮೇಣದ ಕಣಗಳಾಗದೆ ಇರಬೇಕೆಂದು ನಿಯಮ. ನಮ್ಮಲ್ಲಿ ತುಂಬುವುದಕ್ಕೆ 47 ಡಿಗ್ರಿ. ಅಂದಮೇಲೆ ಮರಳಿ ಬರುವಾಗಲೇ ಎಚ್ಚರ ಹೆಚ್ಚು ಬೇಕು. ಹೊರಗಿನ ಗಾಳಿ ಸೊನ್ನೆಗಿಂತ 70 ಡಿಗ್ರಿ ಕೆಳಗಿದ್ದರೂ ವಿಮಾನದ ವೇಗದಿಂದ ಒತ್ತಲ್ಪಟ್ಟ ಗಾಳಿ ಬಿಸಿಯಾಗಿ, ರೆಕ್ಕೆಗೆ ತಗಲುವುದು ಸುಮಾರು 41 ಡಿಗ್ರಿಯ ಚಳಿ ಮಾತ್ರ. ಇಂಧನ ಹಲವು ತಾಸುಗಳಲ್ಲಿ ಮೆಲ್ಲಮೆಲ್ಲನೆ ಅತ್ತ ಸರಿಯುತ್ತದೆ. ಹೆಪ್ಪುಗಟ್ಟುವ ಮಟ್ಟಕ್ಕೆ 3 ಡಿಗ್ರಿ ಉಳಿದಿರುವಾಗಲೇ ಚಾಲಕರು ಉಪಾಯ ಮಾಡಬೇಕು: ಬೆಚ್ಚಗಿನ ಗಾಳಿಯಿರುವ ಎತ್ತರಕ್ಕೆ ಸರಿಯುವುದು, ದಾರಿ ಬದಲಿಸುವುದು, ಇಲ್ಲವೇ ವೇಗ ಹೆಚ್ಚಿಸುವುದು. ವೇಗದಿಂದ ದೊರೆಯುವ ಬಿಸಿ ಅಲ್ಪವೇ.

ಇಂಧನ ಹೆಪ್ಪುಗಟ್ಟದಿದ್ದರೂ ಅಪಾಯ ಬರಬಹುದೆಂದು ತಿಳಿದುದು 2008ರ ಜನವರಿ 17ರಂದು. ಬೀಜಿಂಗಿನಿಂದ ಸೈಬೀರಿಯದ ಚಳಿಯಲ್ಲಿ ಹಾದು ಲಂಡನ್ನಿಗೆ ಬಂದ ಬ್ರಿಟಿಷ್ ಏರ್‌ವೇಸಿನ ವಿಮಾನ ಇನ್ನೊಂದು ನಿಮಿಷದಲ್ಲಿ ಇಳಿಯಬೇಕು ಎನ್ನುವಾಗ ಎರಡೂ ಎಂಜಿನ್ನುಗಳು ಬಲಗುಂದಿದವು. ವಿಮಾನ ರನ್‌ವೇಗೆ ಸುಮಾರು 330 ಮೀಟರು ಮುಂಚೆಯೇ ಹುಲ್ಲಿನ ಮೇಲೆ ಬಿದ್ದಿತು. ಒಳಗಿದ್ದ 152 ಜನರೂ ಬದುಕಿದರು. ತನಿಖೆಯಲ್ಲಿ ಕಂಡುದೇನೆಂದರೆ, ಇಂಧನ ಸೊನ್ನೆಗಿಂತ 34 ಡಿಗ್ರಿ ಕೆಳಗೆ ಇಳಿದಿತ್ತು, ಗಟ್ಟಿಯಾಗಿರಲಿಲ್ಲ. ಆದರೆ ಎಲ್ಲ ಇಂಧನದಲ್ಲಿಯೂ ಇರುವ ಅತ್ಯಲ್ಪ ನೀರಿನ ಅಂಶ ಹಿಮವಾಗಿ ಕೊಳವೆಗಳ ಒಳಗೋಡೆಗೆ ಅಂಟಿಕೊಂಡಿತ್ತು. ಇಳಿಯುವಾಗ ಎಂಜಿನ್ನು ಒಮ್ಮೆಲೇ ಹೆಚ್ಚು ಇಂಧನ ಬೇಡಿದೊಡನೆ ಆ ಹಿಮ ಕಳಚಿ ಬಂದು, ಇಂಧನವನ್ನು ಬಿಸಿ ಮಾಡುವ ಭಾಗದ ಬಾಯನ್ನೇ ಮುಚ್ಚಿತು. ತರುವಾಯ ಅಂತಹ ಎಂಜಿನ್ನುಗಳಲ್ಲಿ ಆ ಭಾಗದ ರಚನೆಯನ್ನೇ ಬದಲಿಸಿದರು.

ತಾಯಿಯವರ ಎರಡನೆಯ ಪ್ರಶ್ನೆಯೇ ನಮ್ಮ ಮಟ್ಟಿಗೆ ದೊಡ್ಡದು. ಎರಡು ಎಂಜಿನ್ನಿನ ವಿಮಾನವು ದಾರಿಯ ಯಾವ ಬಿಂದುವಿನಲ್ಲಿದ್ದರೂ, ಒಂದೇ ಎಂಜಿನ್ನಿನ ಬಲದಿಂದ ನಿಗದಿತ ಸಮಯದೊಳಗೆ ಮುಟ್ಟಬಹುದಾದ ನಿಲ್ದಾಣವಿರಬೇಕು. ಅವುಗಳನ್ನು ಹೊರಡುವ ಮುನ್ನವೇ ಗೊತ್ತುಮಾಡಿ, ಅಲ್ಲಿಯ ಹವೆಯನ್ನು ನೋಡಿಕೊಂಡಿರಬೇಕು. ಇಳಿದಲ್ಲಿ ಹೊರಗೆ ಹೋಗಬೇಕಾದ ಸಿಬ್ಬಂದಿಗಾಗಿ ಚಳಿಯ ದಪ್ಪ ಉಡುಪು ಎರಡಾದರೂ ವಿಮಾನದಲ್ಲಿರಬೇಕೆಂದು ಅಮೇರಿಕದ ನಿಯಮ. ಪ್ರಯಾಣಿಕರನ್ನು ಅಲ್ಲಿಂದ ಕರೆತರುವ ಯೋಜನೆಯೂ ಸಿದ್ಧವಿರಬೇಕು, ಏಕೆಂದರೆ ರನ್‌ವೇ ಉದ್ದವಿದ್ದ ಮಾತ್ರಕ್ಕೆ ಊರು ದೊಡ್ಡದಾಗಿರುವುದಿಲ್ಲ. 2023ರ ಜೂನ್ 6ರಂದು ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ನಿನ ತೊಂದರೆಯಿಂದ ರಷ್ಯಾದ ಪೂರ್ವದಂಚಿನ ಮಗದಾನಿನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಇಳಿದುದು ಸುರಕ್ಷಿತವಾಗಿಯೇ. ಆದರೆ ಅಷ್ಟು ಜನಕ್ಕೆ ವಸತಿಗೃಹಗಳು ಸಾಲದೆ, ಹಾಸ್ಟೆಲು ಮತ್ತು ಶಾಲೆಯಂತಹ ಕಟ್ಟಡಗಳಲ್ಲಿ ಮಲಗಬೇಕಾಯಿತು. ಮುಂಬಯಿಯಿಂದ ಇನ್ನೊಂದು ವಿಮಾನ ಆಹಾರದೊಡನೆ ಹೋಗಿ ಅವರನ್ನು ಕರೆದೊಯ್ದುದು 8ರಂದು. ಅದು ಬೇಸಿಗೆ, ಮಗದಾನ ಧ್ರುವಕ್ಕೆ ಬಹಳ ದೂರವೂ ಹೌದು. ಜನವರಿಯಾಗಿದ್ದರೆ ಕಷ್ಟ ಹೆಚ್ಚುತ್ತಿತ್ತು.

ಆ ತಾಯಿಗೆ ಸಕ್ಕರೆ ಕಾಯಿಲೆಯುಂಟು. ಗುಳಿಗೆಗಳನ್ನೆಲ್ಲ ದೊಡ್ಡ ಪೆಟ್ಟಿಗೆಯಲ್ಲಿ ಇಡುವ ಯೋಚನೆಯಲ್ಲಿದ್ದರು. ಆ ಪೆಟ್ಟಿಗೆಯಾದರೋ ವಿಮಾನದ ಹೊಟ್ಟೆ ಸೇರುತ್ತದೆ, ಇಂತಹ ಸಂದರ್ಭದಲ್ಲಿ ಕೈಗೆ ಸಿಗುವ ಭರವಸೆಯಿಲ್ಲ. ಮೂರು ದಿನಕ್ಕೆ ಸಾಕಾಗುವಷ್ಟು ಗುಳಿಗೆ, ವೈದ್ಯರ ಚೀಟಿ, ಒಂದು ಉಣ್ಣೆಯ ಸ್ವೆಟರು, ಕಾಲುಚೀಲ, ಇವಿಷ್ಟು ಕೈಚೀಲದಲ್ಲಿಯೇ ಇರಲೆಂದು ಹೇಳಿದೆವು. "ಸ್ವೆಟರ್ ಮಗಳಿಗಂತ ಹೆಣದದ್ದೈತಿ, ಬರುವಾಗ ನಾನs ಹಾಕ್ಕೊಂಡು ಬರ್ತೀನಿ ಬಿಡ್ರಿ" ಎಂದು ನಕ್ಕು ಎದ್ದರು.