ಪ್ರವೇಶ ಪುಸ್ತಿಕೆಯ ಮಕ್ಕಳು ಯಾರು?

ಸಾಬೂನಿನ ಜಾಹೀರಾತಿನಲ್ಲಿರುವವಳು ನಟಿ ಎಂಬುದು ನೋಡುವವರಿಗೆಲ್ಲ ಗೊತ್ತು. ಶಾಲೆಯ ಪ್ರವೇಶ ಬ್ರೋಷರಿನಲ್ಲಿ ನಗುವ ಹುಡುಗಿ ಮಾತ್ರ ಆ ಶಾಲೆಯವಳೇ ಎಂದು ತಾಯಿ ತಂದೆ ನಂಬುತ್ತಾರೆ, ನಂಬಿಯೇ ಫೀಸು ಕಟ್ಟುತ್ತಾರೆ. ಹೀಗಾಗಿ ಬ್ರೋಷರಿನ ಚಿತ್ರವನ್ನು ಅಲಂಕಾರವೆಂದು ಬಿಡಲಾಗದು, ಅದು ಸಾಕ್ಷಿ ಎಂಬುದು ನನ್ನ ವಾದ.

ಅಮೆರಿಕದ ವಿಸ್ಕಾನ್ಸಿನ್‌–ಮ್ಯಾಡಿಸನ್ ವಿಶ್ವವಿದ್ಯಾಲಯ 2000ರಲ್ಲಿ ತನ್ನ ಪ್ರವೇಶ ಪುಸ್ತಿಕೆಯ ಮುಖಪುಟಕ್ಕೆ ಫುಟ್‌ಬಾಲ್ ಪಂದ್ಯದ ಪ್ರೇಕ್ಷಕರ ಫೋಟೊ ಆರಿಸಿತು. ಅದರಲ್ಲಿದ್ದವರೆಲ್ಲ ಬಿಳಿಯರು. ಎಲ್ಲ ಬಣ್ಣದವರೂ ಇಲ್ಲಿ ಓದುತ್ತಾರೆಂದು ತೋರಿಸಬೇಕಿತ್ತು. ಡಿಯಾಲೊ ಶಬಾಜ್ ಎಂಬ ಕಪ್ಪು ವಿದ್ಯಾರ್ಥಿಯ ಮುಖವನ್ನು ಬೇರೊಂದು ಫೋಟೊದಿಂದ ತೆಗೆದು ಆ ಗುಂಪಿನಲ್ಲಿ ಸೇರಿಸಿದರು. ಅವರು ಒಂದು ಪಂದ್ಯಕ್ಕೂ ಹೋದವರಲ್ಲ. ಸುತ್ತಲಿನವರ ಮೇಲಿನ ಬಿಸಿಲಿಗೂ ಅವರ ಮುಖದ ಬೆಳಕಿಗೂ ತಾಳೆಯಾಗಲಿಲ್ಲ. ಗುಟ್ಟು ಬಯಲಾಗಿ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. ಶಬಾಜ್ ಕೋರ್ಟಿಗೆ ಹೋದರು. ಅಲ್ಲಿ ಅವರು ಕೇಳಿದ್ದು ತಮಗೆ ಪರಿಹಾರವನ್ನಲ್ಲ, ಅಲ್ಪಸಂಖ್ಯಾತ ವಿದ್ಯಾರ್ಥಿಗಳನ್ನು ನಿಜವಾಗಿ ಕರೆತರಲು ಹಣವನ್ನು. ಚಿತ್ರ ಮುಚ್ಚಿಟ್ಟ ಕೊರತೆಯ ಮೇಲೆಯೇ ಅವರು ಬೆರಳಿಟ್ಟರು.

ನಮ್ಮಲ್ಲಿ ಮುಖ ಅಂಟಿಸುವಷ್ಟು ಶ್ರಮವೂ ಬೇಕಿಲ್ಲ, ಇಂಟರ್‌ನೆಟ್ಟಿನಲ್ಲಿ ಕೊಂಡ ಫೋಟೊ ಸಾಕು. ಈ ಸುಳ್ಳನ್ನು ಮೊದಲು ಬಯಲು ಮಾಡುವುದು ಸಮವಸ್ತ್ರ. ಬೆಳೆಯುವ ಮಕ್ಕಳೆಂದು ಜೂನ್‌ನಲ್ಲಿ ಒಂದು ಸೈಜು ದೊಡ್ಡದನ್ನೇ ಹೊಲಿಸುತ್ತೇವೆ. ಜನವರಿಯ ಹೊತ್ತಿಗೆ ಮಡಿಕೆ ಬಿಚ್ಚಿದ ಲಂಗದ ಅಂಚಿನಲ್ಲಿ ಮೊದಲಿನ ಗಾಢ ಬಣ್ಣದ ಗೆರೆ ಕಾಣುತ್ತದೆ, ಅಂಗಿ ಮಾಸಿರುತ್ತದೆ, ಐಡಿ ಕಾರ್ಡು ಹಿಂದುಮುಂದಾಗಿ ತಿರುಗಿರುತ್ತದೆ. ಒಂದು ತರಗತಿಯಲ್ಲಿ ಇಬ್ಬರ ನೀಲಿ ಒಂದೇ ನೀಲಿಯಾಗಿರುವುದಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಉಣ್ಣೆಯ ಕೋಟು ತೊಟ್ಟು, ಪೊಟ್ಟಣದ ಮಡಿಕೆಯೂ ಹೋಗದ ಅಂಗಿಯಲ್ಲಿ ಸಾಲಾಗಿ ನಿಂತವರು ಅಂದಿನ ಫೋಟೊಗಾಗಿ ಸಿಂಗರಿಸಿಕೊಂಡವರು.

ಮುಖಭಾವವೂ ಅಷ್ಟೇ. ನಗಿ ಎಂದಾಗ ತುಟಿ ಅಗಲವಾಗುತ್ತದೆ, ಕಣ್ಣಿನ ಸುತ್ತಲಿನ ಸ್ನಾಯು ಸಾಮಾನ್ಯವಾಗಿ ಸುಮ್ಮನಿರುತ್ತದೆ. ಅದೂ ಅಲ್ಲದೆ ಕಲಿಯುತ್ತಿರುವ ಮಗು ನಗುವುದು ಕಡಿಮೆ. ಲೆಕ್ಕ ಬಿಡಿಸುವಾಗ ಹುಬ್ಬು ಗಂಟಿಕ್ಕುತ್ತದೆ, ಪೆನ್ನಿನ ತುದಿ ಬಾಯಿಗೆ ಹೋಗುತ್ತದೆ. ಇಂಥದ್ದು ಸಿಗಬೇಕಾದರೆ ಫೋಟೊಗ್ರಾಫರ್ ಮಾಮೂಲಿ ದಿನ ಬಂದು, ಮೊದಲ ಪೀರಿಯಡ್ ಪೂರ್ತಿ ಕ್ಯಾಮೆರಾ ಎತ್ತದೆ ಹಿಂದಿನ ಬೆಂಚಿನಲ್ಲಿ ಕೂರಬೇಕು. ಮಕ್ಕಳು ಅವರನ್ನು ಮರೆತ ಮೇಲೆ, ಫ್ಲ್ಯಾಷ್ ಹಾಕದೆ, ಕಿಟಕಿಯ ಬೆಳಕಿನಲ್ಲಿ ತೆಗೆಯಬೇಕು. ಪೋಷಕರ ಒಪ್ಪಿಗೆ ಅದಕ್ಕೂ ಮೊದಲೇ ಕೈಸೇರಿರಬೇಕು.

ಹಾಗಾದರೆ ಗೋಡೆಗೆ ಸುಣ್ಣ ಬಳಿಯುವುದೂ ತಪ್ಪೇ ಎಂದು ಆಡಳಿತ ಮಂಡಳಿಯವರು ಕೇಳಬಹುದು. ಖಂಡಿತ ಬಳಿಯಲಿ, ಅಂಗಳ ಗುಡಿಸಲಿ. ಮರುದಿನವೂ ಅಲ್ಲಿ ಉಳಿಯುವುದನ್ನು ತೋರಿಸಿದರೆ ತಕರಾರಿಲ್ಲ. ಇಲ್ಲದ ಪ್ರಯೋಗಾಲಯವನ್ನು, ಅಲ್ಲಿ ಓದದ ಮಕ್ಕಳನ್ನು ತೋರಿಸುವುದು ಮೋಸ.

ಪೋಷಕರು ಬ್ರೋಷರನ್ನು ಕೈಯಲ್ಲಿ ಹಿಡಿದೇ ಶಾಲೆಗೆ ಹೋಗಲಿ. ಪುಟ ತೆರೆದು, ಈ ಕೋಣೆ ಎಲ್ಲಿದೆ, ಈ ಮಗು ಯಾವ ತರಗತಿಯಲ್ಲಿದೆ ಎಂದು ಕೇಳಲಿ.